ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಫೋಲ್ಡರ್ ಹೇಗೆ ಮಾಡ್ತೀರಿ? ಹಳೇ ಖಾತೆಗಳನ್ನು ಹೇಗೆ ಮುಚ್ತೀರಿ?

ವಿಜಯನಗರದವಳು

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಕ್ರೋಮ್‌ನಲ್ಲೇ ಉಳಿಸಿಕೊಂಡಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಹೋದ ತಿಂಗಳು ಬಿಟ್‌ವಾರ್ಡನ್‌ಗೆ ತಂದುಕೊಂಡೆ. ಮುನ್ನೂರಕ್ಕೂ ಜಾಸ್ತಿ ಇವೆ. ಎಲ್ಲವೂ ಫೋಲ್ಡರ್ ಇಲ್ಲದ ಪಟ್ಟಿಯಲ್ಲೇ ಬಿದ್ದಿವೆ.

ಬ್ಯಾಂಕ್, ಶಾಪಿಂಗ್, ಸರ್ಕಾರಿ, ಬಿಲ್, ಮನರಂಜನೆ ಅಂತ ಫೋಲ್ಡರ್ ಮಾಡಲು ಶುರು ಮಾಡಿದೆ. ಅರ್ಧಕ್ಕೇ ನಿಂತಿದೆ. ಬೆಸ್ಕಾಂ ಸರ್ಕಾರಿಯೋ, ಬಿಲ್ಲೋ? ವ್ಯಾಲೆಟ್ ಬ್ಯಾಂಕಿಗೆ ಸೇರುತ್ತೋ, ಶಾಪಿಂಗ್‌ಗೋ? ಬಿಟ್‌ವಾರ್ಡನ್‌ನಲ್ಲಿ ಒಂದು ಎಂಟ್ರಿ ಒಂದೇ ಫೋಲ್ಡರ್‌ನಲ್ಲಿ ಇರಬೇಕು, ಅದೇ ತೊಂದರೆ.

ಎರಡನೇ ಪ್ರಶ್ನೆ. ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಮರೆತೇಬಿಟ್ಟಿದ್ದ ಖಾತೆಗಳು. ಕೆಲಸ ಹುಡುಕುವಾಗ ಮಾಡಿದ್ದು, ಬಾಡಿಗೆ ಮನೆ ಹುಡುಕುವಾಗ ಮಾಡಿದ್ದು, ಯಾವುದೋ ಪರೀಕ್ಷೆಯ ಕೋಚಿಂಗ್, ಒಂದು ವಧೂವರರ ಸೈಟ್. ಇವನ್ನೆಲ್ಲ ಮ್ಯಾನೇಜರ್‌ನಿಂದ ಅಳಿಸಿಬಿಟ್ಟರೆ ಆಯ್ತಾ? ವರ್ಷಕ್ಕೊಮ್ಮೆ ಹೀಗೆ ಸ್ವಚ್ಛ ಮಾಡುವವರು ಯಾರಾದರೂ ಇದ್ದರೆ ನಿಮ್ಮ ಕ್ರಮ ಹೇಳಿ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಗೊತ್ತಿಲ್ಲ. ಹಿಂದಿನ ಕಂಪನಿ ಕೊಟ್ಟಿದ್ದ ಸಿಮ್ಮನ್ನೇ ಎಲ್ಲ ಕಡೆ ಕೊಡ್ತಿದ್ದೆ. ಕೆಲಸ ಬಿಡುವಾಗ ಅದನ್ನು ವಾಪಸ್ ಕೊಟ್ಟೆ.

ಮಲ್ಲೇಶ್ವರಂ ಮಲ್ಲಿಗೆ

ನನಗೂ ಇದೇ ಬೇಕಿತ್ತು ಮೇಡಂ. ಫೋಟೋ ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಬೇಕು, ಮಕ್ಕಳು ಫೋನ್ ತಗೊಂಡು ಎಲ್ಲ ಅಳಿಸಿಬಿಡ್ತಾರೆ. ಬಿಟ್‌ವಾರ್ಡನ್‌ನಲ್ಲಿ ಆಗುತ್ತಾ?

ಹೊಸಕೆರೆಹಳ್ಳಿ ಹುಡುಗ

ಮಲ್ಲಿಗೆ ಮೇಡಂ, ಇಲ್ಲಿ ಮಾತಾಡ್ತಿರೋದು ಪಾಸ್‌ವರ್ಡ್‌ಗಳನ್ನು ಜೋಡಿಸಿಡುವ ಫೋಲ್ಡರ್ ಬಗ್ಗೆ. ನಿಮಗೆ ಬೇಕಾಗಿರೋದು ಗೂಗಲ್ ಫೋಟೋಸ್‌ನಲ್ಲಿರೋ ಲಾಕ್ಡ್ ಫೋಲ್ಡರ್. ಅದು ಫೋನಿನಲ್ಲೇ ಸಿಗುತ್ತೆ.

ವಿಜಯನಗರದವರಿಗೆ: ಸುಮ್ನೆ ತಲೆ ಕೆಡಿಸ್ಕೋಬೇಡಿ. ಯಾವುದನ್ನು ಕೊನೆಗೆ ಯಾವಾಗ ಎಡಿಟ್ ಮಾಡಿದ್ರಿ ಅಂತ ತಾರೀಖು ಇರುತ್ತೆ ಅಲ್ವಾ, ಅದನ್ನು ನೋಡಿ ಎರಡು ವರ್ಷಕ್ಕಿಂತ ಹಳೇದನ್ನೆಲ್ಲ ಅಳಿಸಿ. ಖಾತೆಗಳ ಬಗ್ಗೆಯೂ ಚಿಂತೆ ಬೇಡ, ಎರಡು ವರ್ಷ ಬಳಸದಿದ್ದರೆ ಅವರೇ ಅಳಿಸ್ತಾರೆ. ಗೂಗಲ್ ಹಾಗೇ ಮಾಡುತ್ತೆ.

ಕೀಲಿಕೈ

ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಉಳಿದರ್ಧ ಅಪಾಯ, ಅದನ್ನು ಮೊದಲು ಬಿಡಿಸ್ತೀನಿ.

ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುತ್ತೆ, ನಿಜ. 2023ರ ಡಿಸೆಂಬರ್‌ನಿಂದ ಶುರು ಮಾಡಿದ್ದಾರೆ. ಆದರೆ ಅದು ಗೂಗಲ್‌ನ ನಿಯಮ. ಕೋಚಿಂಗ್ ಸೈಟ್, ಬಾಡಿಗೆ ಮನೆ ಸೈಟ್ ಹಾಗೆ ಮಾಡಬೇಕು ಅಂತೇನಿಲ್ಲ. ನಿಮ್ಮ ಹೆಸರು, ನಂಬರ್, ವಿಳಾಸ ಎಲ್ಲ ಅಲ್ಲೇ ಇರುತ್ತೆ. ಇನ್ನೂ ಒಂದು ಪೇಚು ಇದೆ. ನಿಮ್ಮ ಹಳೇ ಜಿಮೇಲನ್ನು ಗೂಗಲ್ ಅಳಿಸಿತು, ಇನ್ಯಾವುದೋ ಖಾತೆ ಆ ಮೇಲ್ ಮೇಲೇ ನಿಂತಿತ್ತು ಅಂದುಕೊಳ್ಳಿ. ಆ ಖಾತೆಗೆ ಮತ್ತೆ ಒಳಗೆ ಹೋಗುವ ದಾರಿಯೂ ಮುಚ್ಚಿತು.

ಮ್ಯಾನೇಜರ್‌ನಿಂದ ಎಂಟ್ರಿ ಅಳಿಸಿದರೆ ಖಾತೆ ಮುಚ್ಚುವುದಿಲ್ಲ. ಬಾಡಿಗೆ ಮನೆಯ ಬೀಗದ ಕೈ ಎಸೆದರೆ ಮನೆ ಖಾಲಿ ಮಾಡಿದ ಹಾಗೆ ಆಗಲ್ಲ ಅಲ್ವಾ. ಸಾಮಾನು ಒಳಗೇ ಇರುತ್ತೆ, ಒಳಗೆ ಹೋಗಲು ನಿಮಗೇ ಆಗಲ್ಲ. ಆದ್ದರಿಂದ ಮೊದಲು ಖಾತೆ, ಆಮೇಲೆ ಎಂಟ್ರಿ. ಈ ಕ್ರಮ ತಿರುಗುಮುರುಗು ಆಗಬಾರದು.

ತಾರೀಖಿನ ವಿಷಯ. ಬಿಟ್‌ವಾರ್ಡನ್ ತೋರಿಸುವುದು ಎಂಟ್ರಿಯನ್ನು ಬದಲಾಯಿಸಿದ ದಿನ. ನೀವು ಕೊನೆಗೆ ಲಾಗಿನ್ ಆದ ದಿನ ಅದರಲ್ಲಿ ಕಾಣಲ್ಲ. ದಿನಾ ಬಳಸುವ ಬ್ಯಾಂಕ್ ಎಂಟ್ರಿಯನ್ನು ಮೂರು ವರ್ಷದಿಂದ ಮುಟ್ಟದೇ ಇರಬಹುದು. ವಿಜಯನಗರದವರಂತೂ ಎಲ್ಲವನ್ನೂ ಹೋದ ತಿಂಗಳು ತಂದಿದ್ದಾರೆ, ಅವರ ಎಲ್ಲ ಎಂಟ್ರಿಗೂ ಅದೇ ದಿನದ ತಾರೀಖು ಬಿದ್ದಿರುತ್ತೆ.

ಮೇಡಂ, ನೀವು ಕೊನೆಗೆ ಸೇರಿಸಿದ ಸಿಮ್ ವಿಷಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಫೋಲ್ಡರ್ ಕೆಲಸ ಪಕ್ಕಕ್ಕಿಟ್ಟು ಒಂದು ಹೇಳಿ: ಆ ನಂಬರ್ ಈಗ ಯಾರ ಹತ್ರ ಇದೆ? ನಿಮ್ಮ ಜಿಮೇಲ್‌ನ ರಿಕವರಿ ಫೋನ್ ಯಾವುದು?

ವಿಜಯನಗರದವಳು

ಈಗಷ್ಟೇ ನೋಡಿದೆ. ರಿಕವರಿ ಫೋನ್ ಇನ್ನೂ ಆ ಹಳೇ ನಂಬರೇ ಇತ್ತು. ನಂಬರ್ ಯಾರ ಹತ್ರ ಇದೆ ಗೊತ್ತಿಲ್ಲ. ನಂಬರ್ ನಿಂತು 90 ದಿನ ಆಗೋವರೆಗೆ ಬೇರೆಯವರಿಗೆ ಕೊಡಲ್ಲ ಅಂತ ಎಲ್ಲೋ ಓದಿದ್ದೆ. ಆ 90 ದಿನ ಯಾವಾಗಲೋ ಮುಗಿದಿದೆ.

ಕೀಲಿಕೈ

ನೀವು ಓದಿದ್ದು ಸರಿ. ಡೀ-ಆಕ್ಟಿವೇಟ್ ಆದ ನಂಬರನ್ನು 90 ದಿನ ಹೊಸಬರಿಗೆ ಕೊಡುವುದಿಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೇ ಹೇಳಿದೆ. ಹಳೇ ನಂಬರ್‌ನ ವಾಟ್ಸಾಪ್ ವಗೈರೆಗಳ ಜೋಪಾನ ಬಳಕೆದಾರರೇ ನೋಡಿಕೊಳ್ಳಬೇಕು ಅಂತ ಕೋರ್ಟ್ ಆ ಪ್ರಕರಣದಲ್ಲಿ ಹೇಳಿತು.

ಆದರೆ ಕಂಪನಿ ಸಿಮ್ಮಿಗೆ ಆ 90 ದಿನವೂ ಸಿಗಲ್ಲ. ನಂಬರ್ ಕಂಪನಿಯ ಹೆಸರಲ್ಲಿದೆ, ಅದು ಡೀ-ಆಕ್ಟಿವೇಟ್ ಆಗಲೇ ಬೇಕಿಲ್ಲ. ನೀವು ಸಿಮ್ ವಾಪಸ್ ಕೊಟ್ಟ ಮರುದಿನವೇ ಹೊಸದಾಗಿ ಸೇರಿದವರ ಕೈಗೆ ಹೋಗಬಹುದು. ಅವರು ಒಳ್ಳೆಯವರೇ ಇರಬಹುದು, ಆದರೂ ನಿಮ್ಮ ಓಟಿಪಿ ಅವರ ಫೋನಿಗೆ ಬರುತ್ತೆ.

ಹಾಗಾಗಿ ಈ ವಾರ ಇಷ್ಟೇ ಮಾಡಿ, ಈ ಕ್ರಮದಲ್ಲೇ ಮಾಡಿ. ಮೊದಲು ಮೇಲ್: ರಿಕವರಿ ಫೋನ್, ರಿಕವರಿ ಮೇಲ್, ಎರಡು ಹಂತದ ಲಾಗಿನ್, ಮೂರರಲ್ಲೂ ಹಳೇ ನಂಬರ್ ಇದೆಯಾ ನೋಡಿ ತೆಗೆಯಿರಿ. ಆಮೇಲೆ ಆಧಾರ್‌ಗೆ ಯಾವ ನಂಬರ್ ಜೋಡಿಸಿದೆ ಅಂತ ಯುಐಡಿಎಐ ಸೈಟ್‌ನಲ್ಲಿ ಪರೀಕ್ಷಿಸಿ. ಡಿಜಿಲಾಕರ್, ಇಪಿಎಫ್‌ನಂಥ ಕಡೆ ಆಧಾರ್ ಓಟಿಪಿ ಕೇಳುತ್ತಲ್ಲ, ಅದು ಆ ನಂಬರಿಗೇ ಹೋಗೋದು. ಮೂರನೇದು ಬ್ಯಾಂಕ್. ನಾಲ್ಕನೇದು ಇಪಿಎಫ್‌ನ ಯುಎಎನ್. ಕಂಪನಿ ಬದಲಾಯಿಸಿದವರಲ್ಲಿ ಹಳೇ ನಂಬರ್ ಉಳಿದಿರುವುದು ನಾನು ನೋಡಿದ ಮಟ್ಟಿಗೆ ಅಲ್ಲೇ ಜಾಸ್ತಿ. ಇವು ಮುಗಿಯೋವರೆಗೆ ಕೋಚಿಂಗ್ ಸೈಟ್, ಬಾಡಿಗೆ ಮನೆ ಸೈಟ್ ಯಾವುದನ್ನೂ ಮುಟ್ಟಬೇಡಿ.

ವೈಟ್‌ಫೀಲ್ಡ್ ಬಸ್

ನನ್ನದು ಇದರ ಮೇಲ್ ಆವೃತ್ತಿ. ಕೋರಮಂಗಲದ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿದ್ದೆ. ಕಂಪನಿ ಮುಚ್ಚಿತು. ಅಲ್ಲಿದ್ದಾಗ ಆಫೀಸ್ ಮೇಲ್‌ನಲ್ಲೇ ನನ್ನ ಸ್ವಂತದ ಕೆಲವು ಖಾತೆ ತೆರೆದಿದ್ದೆ. ಕಂಪನಿಯೇ ಇಲ್ಲ ಅಂದಮೇಲೆ ಆ ಮೇಲ್ ಯಾರಿಗೂ ಬರಲ್ಲ ತಾನೇ? ಸೇಫ್ ಅಂದ್ಕೊಂಡಿದೀನಿ.

ಕೀಲಿಕೈ

ಸೇಫ್ ಅಲ್ಲ ಸರ್. ಕಂಪನಿಯ ಡೊಮೇನ್ ಹೆಸರಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಕಂಪನಿ ಮುಚ್ಚಿದ ಮೇಲೆ ಯಾರೂ ಕಟ್ಟಲ್ಲ, ಹೆಸರು ಮಾರಾಟಕ್ಕೆ ಬರುತ್ತೆ. ಯಾರಾದರೂ ಅದನ್ನು ಕೊಂಡು, ನಿಮ್ಮ ಹೆಸರಿನಲ್ಲೇ ಮೇಲ್ ಪೆಟ್ಟಿಗೆ ಮಾಡಿ, ಪಾಸ್‌ವರ್ಡ್ ಮರೆತೆ ಅಂತ ಒತ್ತಿದರೆ ಲಿಂಕ್ ಅವರಿಗೇ ಬರುತ್ತೆ. 2025ರ ಜನವರಿಯಲ್ಲಿ ಒಬ್ಬ ಭದ್ರತಾ ಸಂಶೋಧಕ ಇದನ್ನೇ ಮಾಡಿ ತೋರಿಸಿದ. ಮುಚ್ಚಿಹೋದ ಸ್ಟಾರ್ಟಪ್‌ನ ಡೊಮೇನ್ ಕೊಂಡು, ಗೂಗಲ್ ಮೂಲಕ ಲಾಗಿನ್ ಆಗುವ ಸೇವೆಗಳಲ್ಲಿ ಹಳೇ ಉದ್ಯೋಗಿಗಳ ಖಾತೆಯೊಳಗೆ ಹೋಗಬಹುದು ಅಂತ.

ಜಿಮೇಲ್ ವಿಳಾಸದಲ್ಲಿ ಈ ಕಾಟ ಇಲ್ಲ. ಅಳಿಸಿದ ಜಿಮೇಲ್ ಹೆಸರನ್ನು ಗೂಗಲ್ ಬೇರೆಯವರಿಗೆ ಕೊಡಲ್ಲ.

ನಿಮಗೆ ಇನ್ನೂ ಪಾಸ್‌ವರ್ಡ್ ನೆನಪಿದ್ದರೆ ಇವತ್ತೇ ಒಳಗೆ ಹೋಗಿ ಮೇಲ್ ವಿಳಾಸ ಬದಲಾಯಿಸಿ. ಕೆಲವು ಸೈಟ್‌ಗಳು ಬದಲಾವಣೆ ಖಚಿತ ಮಾಡಲು ಹಳೇ ಮೇಲ್‌ಗೇ ಕೋಡ್ ಕಳಿಸ್ತವೆ. ಅಂಥದ್ದಿದ್ದರೆ ಅವರ ಸಹಾಯ ವಿಭಾಗಕ್ಕೆ ಬರೆಯುವುದೊಂದೇ ದಾರಿ.

ವೈಟ್‌ಫೀಲ್ಡ್ ಬಸ್

ಇದು ಹೊಳೆದೇ ಇರಲಿಲ್ಲ. ರಾತ್ರಿ ಕೂತು ನೋಡ್ತೀನಿ. ಧನ್ಯವಾದ.

ವಿಜಯನಗರದವಳು

ಜಿಮೇಲ್ ಆಯ್ತು, ಆಧಾರ್‌ನಲ್ಲಿ ಅದೃಷ್ಟಕ್ಕೆ ಸ್ವಂತ ನಂಬರೇ ಇದೆ. ಬ್ಯಾಂಕಿಗೆ ಶನಿವಾರ ಹೋಗ್ತೀನಿ. ಯುಎಎನ್‌ನಲ್ಲಿ ಹಳೇದೇ ಇದೆ, ನೀವು ಹೇಳಿದ ಹಾಗೇ.

ಈಗ ಫೋಲ್ಡರ್ ಬಗ್ಗೆ ಹೇಳ್ತೀರಾ ಸರ್?

ಕೀಲಿಕೈ

ಹೇಳ್ತೀನಿ. ಶುರು ಮಾಡುವ ಮುಂಚೆ ಎರಡು ಕೆಲಸ.

ಒಂದು, ಕ್ರೋಮ್‌ನಿಂದ ತರುವಾಗ ಒಂದು ಸಿಎಸ್‌ವಿ ಫೈಲ್ ಇಳಿದಿರುತ್ತೆ. ಅದರಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡ್ ಬರೀ ಅಕ್ಷರದಲ್ಲಿ, ಯಾರು ತೆರೆದರೂ ಓದುವ ಹಾಗೆ ಇವೆ. ಡೌನ್‌ಲೋಡ್ಸ್‌ನಲ್ಲಿ ಇನ್ನೂ ಇದ್ದರೆ ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ. ಅದು ಡ್ರೈವ್‌ಗೆ ಬ್ಯಾಕಪ್ ಆಗಿದೆಯಾ ನೋಡಿ. ಕ್ರೋಮ್‌ನೊಳಗಿನ ಹಳೇ ಪ್ರತಿಯೂ ಹಾಗೇ ಉಳಿದಿರುತ್ತೆ. ಎರಡು ಕಡೆ ಇದ್ದರೆ ಮುಂದೆ ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ ಹಳೇದು ಉಳಿದು ಗೊಂದಲ ಆಗುತ್ತೆ. ಬಿಟ್‌ವಾರ್ಡನ್‌ನಲ್ಲಿ ಎಲ್ಲ ಸರಿಯಾಗಿ ಬಂದಿದೆ ಅಂತ ಖಾತ್ರಿ ಆದಮೇಲೆ ಅದನ್ನೂ ತೆಗೆಯಿರಿ.

ಎರಡು, ಬಿಟ್‌ವಾರ್ಡನ್‌ನಿಂದ ಒಂದು ಬ್ಯಾಕಪ್ ತಗೊಳ್ಳಿ, ಎನ್‌ಕ್ರಿಪ್ಟ್ ಮಾಡಿದ ಜೇಸನ್ ಫೈಲ್. ಅದರಲ್ಲಿ ಎರಡು ಬಗೆ ಇದೆ. ಒಂದು ನಿಮ್ಮ ಈ ಖಾತೆಯಲ್ಲಿ ಮಾತ್ರ ತೆರೆಯುತ್ತೆ. ಖಾತೆಯೇ ಹೋದರೆ ಅದು ಪ್ರಯೋಜನಕ್ಕೆ ಬರಲ್ಲ. ಬೇರೆ ಪಾಸ್‌ವರ್ಡ್ ಹಾಕಿ ಮಾಡುವ ಬಗೆಯನ್ನೇ ಆರಿಸಿ.

ಈಗ ಫೋಲ್ಡರ್. ಯಾವ ತರಹದ ಸೈಟ್ ಅಂತ ವಿಂಗಡಿಸಿದರೆ ನಿಮಗೆ ಆದ ಹಾಗೇ ಆಗುತ್ತೆ. ಸೈಟ್ ಹುಡುಕೋಕೆ ಸರ್ಚ್ ಇದೆ, ಬೆಸ್ಕಾಂ ಅಂತ ಹೊಡೆದರೆ ಬರುತ್ತೆ, ಅದಕ್ಕೆ ಫೋಲ್ಡರ್ ಬೇಕಿಲ್ಲ. ಈ ಖಾತೆ ನಾಳೆ ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಕೇಳಿಕೊಂಡು ವಿಂಗಡಿಸಿ. ಬಿಟ್‌ವಾರ್ಡನ್ ಫೋಲ್ಡರ್‌ಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತೆ, ಅದಕ್ಕೇ ಮುಂದೆ ಅಂಕಿ ಹಾಕ್ತೀನಿ. ನನ್ನವು ಇವು:

1 ಬೇರು
2 ಹಣ
3 ದಾಖಲೆ
4 ದಿನಬಳಕೆ
8 ಮುಚ್ಚಬೇಕು
9 ಮುಚ್ಚುತ್ತಿರುವುದು

ಬೇರು ಅಂದರೆ ಬೇರೆ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಶಕ್ತಿ ಇರುವವು: ಮೇಲ್, ಮೊಬೈಲ್ ಕಂಪನಿಯ ಖಾತೆ, ಫೋನಿನ ಗೂಗಲ್ ಅಥವಾ ಆಪಲ್ ಖಾತೆ. ಬೆರಳೆಣಿಕೆ ಇರಬೇಕು. ಅದು ಉದ್ದವಾಗಿದ್ದರೆ ಮೇಲ್ ವಿಳಾಸಗಳೇ ಜಾಸ್ತಿ ಆಗಿವೆ ಅಂತ ಅರ್ಥ. ಹಣ ಅಂದರೆ ದುಡ್ಡು ಹೊರಗೆ ಹೋಗಬಹುದಾದದ್ದು. ನಿಮ್ಮ ವ್ಯಾಲೆಟ್ ಇಲ್ಲಿಗೆ ಬರುತ್ತೆ. ದಾಖಲೆಯಲ್ಲಿ ಡಿಜಿಲಾಕರ್, ಇಪಿಎಫ್, ಆದಾಯ ತೆರಿಗೆ, ಕಾವೇರಿ, ಸೇವಾ ಸಿಂಧು. ಬೆಸ್ಕಾಂ ದಿನಬಳಕೆಗೆ ಸಾಕು. ಬಿಲ್ಲನ್ನು ಯುಪಿಐ ಆ್ಯಪ್‌ನಲ್ಲೇ ಖಾತೆ ಸಂಖ್ಯೆ ಹಾಕಿ ಕಟ್ಟಬಹುದು, ಆ ಸಂಖ್ಯೆಯನ್ನು ಎಂಟ್ರಿಯ ಟಿಪ್ಪಣಿಯಲ್ಲಿ ಬರೆದಿಡಿ.

ಮಧ್ಯೆ 5, 6, 7 ಖಾಲಿ ಬಿಟ್ಟಿದ್ದೀನಿ. ನಿಮಗೆ ಆಫೀಸ್, ಮಕ್ಕಳ ಶಾಲೆ ಅಂತ ಬೇಕಾದರೆ ಇರಲಿ. ಫೋಲ್ಡರ್‌ನೊಳಗೆ ಫೋಲ್ಡರ್ ಬೇಕಿದ್ದರೆ ಹೆಸರಿನಲ್ಲಿ ಓರೆಗೆರೆ ಹಾಕಿ, ಉದಾಹರಣೆಗೆ `2 ಹಣ/ವ್ಯಾಲೆಟ್`. ಮೇಲಿನ ಫೋಲ್ಡರ್ ಅದೇ ಹೆಸರಲ್ಲಿ ಮೊದಲೇ ಇರಬೇಕು, ಇಲ್ಲದಿದ್ದರೆ ಇಡೀ ಹೆಸರು ಉದ್ದಕ್ಕೆ ಹಾಗೇ ಕಾಣುತ್ತೆ. ಫೋಲ್ಡರ್ ಅಳಿಸಿದರೆ ಒಳಗಿನ ಎಂಟ್ರಿ ಹೋಗಲ್ಲ, ಫೋಲ್ಡರ್ ಇಲ್ಲದ ಪಟ್ಟಿಗೆ ಮರಳುತ್ತೆ. ಹಾಗಾಗಿ ಪ್ರಯೋಗ ಮಾಡಲು ಹೆದರಬೇಡಿ.

ಮುನ್ನೂರನ್ನೂ ಒಂದೇ ದಿನ ವಿಂಗಡಿಸಬೇಡಿ. ಬೇರು, ಹಣ, ದಾಖಲೆ ಮೂರನ್ನು ಆರಿಸಿ ಎತ್ತಿಡಿ. ಈ ತಿಂಗಳಲ್ಲಿ ಲಾಗಿನ್ ಆಗುವುದೆಲ್ಲ ಬಳಸಿದ ಹಾಗೇ ದಿನಬಳಕೆಗೆ ಹೋಗಲಿ. ತಿಂಗಳ ಕೊನೆಗೆ ಫೋಲ್ಡರ್ ಇಲ್ಲದೇ ಉಳಿದವೇ ನಿಮ್ಮ ಮರೆತ ಖಾತೆಗಳು.

ನಿವೃತ್ತ, ಬಸವನಗುಡಿ

ನಾನು ಇದೆಲ್ಲ ಬಳಸುವುದಿಲ್ಲ. ಒಂದು ಡೈರಿಯಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಬ್ಯಾಂಕ್, ಪಿಂಚಣಿ, ಮೇಲ್, ಗ್ಯಾಸ್, ವಿದ್ಯುತ್ ಇಷ್ಟೇ. ಮಗ ಇದು ತಪ್ಪು ಎನ್ನುತ್ತಾನೆ. ನನಗೆ ಚಿಂತೆ ಬೇರೆ. ನಾನು ಹೋದ ಮೇಲೆ ಇವನ್ನು ನನ್ನ ಹೆಂಡತಿ ಹೇಗೆ ನಿಭಾಯಿಸಬೇಕು?

ಕೀಲಿಕೈ

ಸರ್, ಅಷ್ಟೇ ಖಾತೆ ಇದ್ದರೆ, ಡೈರಿ ಮನೆಯಲ್ಲೇ ಭದ್ರವಾಗಿದ್ದರೆ, ಪಾಸ್‌ವರ್ಡ್‌ಗಳು ಒಂದಕ್ಕಿಂತ ಒಂದು ಬೇರೆ ಇದ್ದರೆ, ಅದನ್ನು ತಪ್ಪು ಅಂತ ನಾನು ಹೇಳಲ್ಲ. ದೂರದಲ್ಲಿ ಕೂತ ಕಳ್ಳನಿಗೆ ನಿಮ್ಮ ಬೀರು ಸಿಗಲ್ಲ. ಬ್ಯಾಂಕ್ ಪಿನ್ ಮಾತ್ರ ಅದರಲ್ಲಿ ಬರೆಯಬೇಡಿ.

ನಿಮ್ಮ ಪ್ರಶ್ನೆಗೆ: ಬ್ಯಾಂಕ್, ಪಿಂಚಣಿಗೆ ಪಾಸ್‌ವರ್ಡ್ ಕೊಟ್ಟು ಹೋಗುವುದು ದಾರಿಯಲ್ಲ, ನಾಮಿನಿ ಹೆಸರು ಸರಿಯಾಗಿದೆಯಾ ನೋಡಿ. ಗೂಗಲ್ ಮೇಲ್‌ಗೆ ನಿಷ್ಕ್ರಿಯ ಖಾತೆಯ ವ್ಯವಸ್ಥೆ ಅಂತ ಒಂದಿದೆ, ಇಂಗ್ಲಿಷಿನಲ್ಲಿ Inactive Account Manager ಅಂತ ಕಾಣುತ್ತೆ. 3, 6, 12 ಅಥವಾ 18 ತಿಂಗಳು ನೀವು ಖಾತೆ ಬಳಸದಿದ್ದರೆ ನೀವು ಆರಿಸಿದವರಿಗೆ ಸುದ್ದಿ ಹೋಗುತ್ತೆ, ಯಾವ ಯಾವ ಮಾಹಿತಿ ಅವರಿಗೆ ಸಿಗಬೇಕು ಅಂತಲೂ ನೀವೇ ಹೇಳಬಹುದು. ಮಗನನ್ನು ಕೂರಿಸಿಕೊಂಡು ಒಂದು ಸಂಜೆ ಮಾಡಿ.

ನಿವೃತ್ತ, ಬಸವನಗುಡಿ

ಬಹಳ ಉಪಕಾರ. ನಾಮಿನಿ ವಿಷಯ ಸೋಮವಾರವೇ ನೋಡುತ್ತೇನೆ.

ರಾಜಾಜಿನಗರದಮ್ಮ

ನಮ್ಮ ಮನೆಯಲ್ಲಿ ನಾನು, ನಮ್ಮೆಜಮಾನ್ರು ಇಬ್ಬರೂ ಬಿಟ್‌ವಾರ್ಡನ್ ಬಳಸ್ತೀವಿ. ಮನೆ ಅಂತ ಒಂದು ಫೋಲ್ಡರ್ ಮಾಡಿದೆ, ಅವರಿಗೆ ಕಾಣ್ತಾನೇ ಇಲ್ಲ. ಏನ್ ಮಾಡೋದು?

ಕೀಲಿಕೈ

ಫೋಲ್ಡರ್ ನಿಮ್ಮೊಬ್ಬರದೇ ಅಮ್ಮ, ಅದನ್ನು ಹಂಚೋಕೆ ಆಗಲ್ಲ. ಹಂಚಬೇಕಿದ್ದರೆ ಆರ್ಗನೈಸೇಷನ್ ಅಂತ ಒಂದು ಮಾಡಿ, ಅದರಲ್ಲಿ ಕಲೆಕ್ಷನ್ ಅಂತ ಮಾಡಿ, ಎಂಟ್ರಿಯನ್ನು ಅಲ್ಲಿಗೆ ಸರಿಸಬೇಕು. ಇಬ್ಬರಿಗೆ, ಎರಡು ಕಲೆಕ್ಷನ್‌ವರೆಗೆ ಉಚಿತವಾಗೇ ಸಿಗುತ್ತೆ. ನಿಮಗೆ ಅಷ್ಟು ಸಾಕು.

ಕಮಾಂಡ್‌ಲೈನ್ ಕಿಟ್ಟಿ

ಕೀಲಿಕೈ ಅವರ ಫೋಲ್ಡರ್ ವಿಂಗಡಣೆ ಒಪ್ಪುತ್ತೇನೆ. ಸ್ವಲ್ಪ ಸೇರಿಸುತ್ತೇನೆ. ಬಿಟ್‌ವಾರ್ಡನ್‌ನ ಕಮಾಂಡ್‌ಲೈನ್ ಬಳಸುವವರು ಫೋಲ್ಡರ್ ಇಲ್ಲದೇ ಉಳಿದವುಗಳ ಹೆಸರು ಮಾತ್ರ ಹೀಗೆ ತೆಗೆಯಬಹುದು:

```
bw sync
bw list items --folderid null | jq -r '.[].name'
```

`|` ಆದಮೇಲಿನ jq ಭಾಗ ಬಿಡಬೇಡಿ. ಬರೀ `bw list items` ಕೊಟ್ಟರೆ ಪಾಸ್‌ವರ್ಡ್ ಸಮೇತ ಪರದೆ ಮೇಲೆ ಬರುತ್ತೆ.

ನಾನು ಸ್ವತಃ ಬಳಸುವುದು ಕೀಪಾಸ್‌ಎಕ್ಸ್‌ಸಿ. ಅದರಲ್ಲಿ ಪ್ರತಿ ಎಂಟ್ರಿಗೂ ಮುಗಿಯುವ ದಿನ ಹಾಕಬಹುದು. ಹೊಸ ಖಾತೆ ಮಾಡಿದ ದಿನವೇ ಒಂದು ವರ್ಷ ಮುಂದಿನ ದಿನ ಹಾಕಿಬಿಡುತ್ತೇನೆ. ವರ್ಷ ತುಂಬಿದ ಮೇಲೆ `is:expired` ಅಂತ ಹುಡುಕಿದರೆ ಪರಿಶೀಲಿಸಬೇಕಾದ ಪಟ್ಟಿ ತಾನಾಗೇ ಬರುತ್ತೆ. ಬೇಕು ಅನಿಸಿದರೆ ದಿನ ಮುಂದೂಡುತ್ತೇನೆ. ವರ್ಷದ ಸ್ವಚ್ಛತೆಗೆ ಇದಕ್ಕಿಂತ ಸುಲಭ ದಾರಿ ನನಗೆ ಕಂಡಿಲ್ಲ.

ಹೊಸಕೆರೆಹಳ್ಳಿ ಹುಡುಗ

ಆದರೆ ಮ್ಯಾನೇಜರ್‌ನಲ್ಲೇ ಇಲ್ಲದ ಖಾತೆಗಳ ಕಥೆ ಏನು? ನಾನು ಅರ್ಧ ಕಡೆ ಗೂಗಲ್ ಬಟನ್ ಒತ್ತಿ ಒಳಗೆ ಹೋಗಿದ್ದೀನಿ. ಪಾಸ್‌ವರ್ಡೇ ಇಲ್ಲ.

ಕೀಲಿಕೈ

ಒಳ್ಳೇ ಪ್ರಶ್ನೆ. ಅವಕ್ಕೆ `myaccount.google.com/connections` ನೋಡಿ, ಗೂಗಲ್ ಮೂಲಕ ಒಳಗೆ ಹೋದ ಸೈಟ್‌ಗಳೆಲ್ಲ ಅಲ್ಲಿ ಇರ್ತವೆ. ಅಲ್ಲಿಂದ ತೆಗೆದರೆ ಗೂಗಲ್‌ಗೂ ಆ ಸೈಟ್‌ಗೂ ಇರುವ ಸಂಬಂಧ ಕಡಿಯುತ್ತೆ ಅಷ್ಟೇ. ಆ ಸೈಟ್‌ನಲ್ಲಿ ನಿಮ್ಮ ಖಾತೆ ಹಾಗೇ ಇರುತ್ತೆ. ಮೊದಲು ಸೈಟ್‌ಗೆ ಹೋಗಿ ಖಾತೆ ಮುಚ್ಚಿ, ಆಮೇಲೆ ಇಲ್ಲಿ ಕಡಿಯಿರಿ.

ಉಳಿದವು ಮೇಲ್ ಪೆಟ್ಟಿಗೆಯಲ್ಲಿ ಸಿಗ್ತವೆ. ಖಾತೆ ತೆರೆದಾಗ ಸ್ವಾಗತದ ಮೇಲ್ ಬಂದೇ ಇರುತ್ತೆ ಅಲ್ವಾ. ಜಿಮೇಲ್‌ನ ಹುಡುಕಾಟದಲ್ಲಿ ಇದನ್ನು ಹಾಕಿ:

```
subject:(welcome OR verify OR activate OR registered) older_than:2y
```

ಸಿಕ್ಕ ಪ್ರತಿಯೊಂದನ್ನೂ ಮ್ಯಾನೇಜರ್‌ನಲ್ಲಿ ಹೊಸ ಎಂಟ್ರಿ ಮಾಡಿ, ಪಾಸ್‌ವರ್ಡ್ ಖಾಲಿ ಇದ್ದರೂ ಸರಿ, 8ನೇ ಫೋಲ್ಡರ್‌ಗೆ ಹಾಕಿ.

ವಿಜಯನಗರದವಳು

ಒಂದು ವಾರ ಆಯ್ತು. ಬ್ಯಾಂಕ್, ಯುಎಎನ್ ಎರಡರಲ್ಲೂ ಹೊಸ ನಂಬರ್ ಬಂತು. ಫೋಲ್ಡರ್ ವಿಂಗಡಣೆ ಅರ್ಧ ಆಗಿದೆ. ಈಗ ಒಂದು ಶಾಪಿಂಗ್ ಸೈಟನ್ನು ಮುಚ್ಚಲು ಕೂತಿದ್ದೀನಿ. ಲಾಗಿನ್‌ಗೆ ಓಟಿಪಿ ಹಳೇ ನಂಬರಿಗೆ ಹೋಗುತ್ತೆ. ಮೇಲ್ ಮತ್ತು ಪಾಸ್‌ವರ್ಡ್‌ನಿಂದ ಒಳಗೆ ಹೋಗಲು ಆಯ್ತು. ಮುಂದೆ? ಅಲ್ಲಿ ನನ್ನ ಕಾರ್ಡ್ ನಂಬರ್ ಬೇರೆ ಉಳಿದಿದೆ, ಅದೇ ಭಯ.

ಕೀಲಿಕೈ

ಕಾರ್ಡ್ ಬಗ್ಗೆ ಅಷ್ಟು ಭಯ ಬೇಡ. 2022ರ ಅಕ್ಟೋಬರ್ 1ರಿಂದ ಅಂಗಡಿ ಸೈಟ್‌ಗಳು ಕಾರ್ಡ್ ನಂಬರನ್ನೇ ಇಟ್ಟುಕೊಳ್ಳುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮ. ಅದರ ಬದಲಿಗೆ ಆ ಸೈಟ್‌ಗೆ ಮಾತ್ರ ನಡೆಯುವ ಟೋಕನ್ ಇರುತ್ತೆ. ಆದರೂ ಮುಚ್ಚುವ ಮುಂಚೆ ತೆಗೆಯಿರಿ. ನಿಮ್ಮ ಮನೆ ವಿಳಾಸ, ಫೋನ್, ಏನೇನು ಕೊಂಡಿದ್ದೀರಿ ಅನ್ನೋ ಪಟ್ಟಿ, ಸೋರಿಹೋದರೆ ಇವೇ ಜಾಸ್ತಿ ತೊಂದರೆ ಕೊಡೋದು. ಮೋಸದ ಕರೆ ಮಾಡುವವರಿಗೆ ಬೇಕಾಗಿರೋದು ಅದೇ.

ಮೊದಲು ಒಳಗಿರುವುದನ್ನು ಹೊರಗೆ ತನ್ನಿ. ವಾರಂಟಿ ಇನ್ನೂ ಇರುವ ಸಾಮಾನಿನ ಬಿಲ್ ಇಳಿಸಿಕೊಳ್ಳಿ. ವ್ಯಾಲೆಟ್‌ನಲ್ಲಿ ಹಣ, ರೀಫಂಡ್ ಬಾಕಿ ಇದ್ದರೆ ಖಾಲಿ ಮಾಡಿ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಇವರ ಹೆಸರಿದ್ದರೆ ರದ್ದು ಮಾಡಿ, ಖಾತೆ ಮುಚ್ಚಿದ ಮಾತ್ರಕ್ಕೆ ಅದು ನಿಲ್ಲುತ್ತೆ ಅಂತ ನಂಬಬೇಡಿ. ಆಮೇಲೆ ಹೊಸ ನಂಬರ್ ಹಾಕಿ. ಖಾತೆ ಅಳಿಸುವಾಗ ಓಟಿಪಿ ಕೇಳುವ ಸೈಟ್‌ಗಳು ತುಂಬಾ ಇವೆ, ಹಳೇ ನಂಬರ್ ಇದ್ದರೆ ಅಲ್ಲೇ ಸಿಕ್ಕಿಕೊಳ್ತೀರಿ. ಆಮೇಲೆ ಅಳಿಸಲು ಕೊಡಿ.

ಅಳಿಸಲು ಕೊಟ್ಟ ದಿನ ಎಂಟ್ರಿಯನ್ನು 8ರಿಂದ 9ನೇ ಫೋಲ್ಡರ್‌ಗೆ ಸರಿಸಿ, ಟಿಪ್ಪಣಿಯಲ್ಲಿ ತಾರೀಖು ಬರೆಯಿರಿ. ಬಿಟ್‌ವಾರ್ಡನ್‌ನ ಕಸದ ಬುಟ್ಟಿಗೆ ಆಗಲೇ ಹಾಕಬೇಡಿ. ಕಾರಣ ಇದೆ. ತುಂಬಾ ಸೈಟ್‌ಗಳು ತಕ್ಷಣ ಅಳಿಸಲ್ಲ, ಗಡುವು ಇಟ್ಟುಕೊಳ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ 30 ದಿನ. ಬಿಟ್‌ವಾರ್ಡನ್‌ನ ಬುಟ್ಟಿಯೂ 30 ದಿನಕ್ಕೆ ತಾನೇ ಖಾಲಿ ಆಗುತ್ತೆ. ಅಂದರೆ ಖಾತೆ ನಿಜವಾಗಿ ಹೋಯ್ತಾ ಅಂತ ನೋಡುವ ಹೊತ್ತಿಗೆ ನಿಮ್ಮ ಹತ್ರ ಎಂಟ್ರಿಯೇ ಇರಲ್ಲ.

ಮಧ್ಯೆ ಕುತೂಹಲಕ್ಕೆ ಲಾಗಿನ್ ಆಗಿ ನೋಡಬೇಡಿ. ಗಡುವಿನೊಳಗೆ ಲಾಗಿನ್ ಆದರೆ ಖಾತೆ ಮತ್ತೆ ಜೀವ ಪಡೆಯುವ ಸೈಟ್‌ಗಳಿವೆ. ಗಡುವು ಮುಗಿದ ಮೇಲೆ ಪಾಸ್‌ವರ್ಡ್ ಮರೆತೆ ಅಂತ ಒತ್ತಿ ನಿಮ್ಮ ಮೇಲ್ ಕೊಡಿ. ಬದಲಾಯಿಸುವ ಲಿಂಕ್ ಬಂದರೆ ಖಾತೆ ಇನ್ನೂ ಇದೆ. ಏನೂ ಬರದಿದ್ದರೆ ಹೋಗಿದೆ ಅಂದುಕೊಳ್ಳಬಹುದು. ಆಗ ಎಂಟ್ರಿ ಅಳಿಸಿ.

ಹಳೇ ನಂಬರ್ ಇರುವ ಎಂಟ್ರಿಗಳನ್ನೆಲ್ಲ ಹಿಡಿಯೋಕೆ ಟಿಪ್ಪಣಿಯಲ್ಲಿ `oldsim` ಅಂತ ಒಂದೇ ಪದ ಬರೆಯಿರಿ. ಮಾಮೂಲಿ ಸರ್ಚ್ ಟಿಪ್ಪಣಿಯೊಳಗೆ ನೋಡುತ್ತೆ ಅಂತ ನಂಬಬೇಡಿ. ಕಂಪ್ಯೂಟರ್‌ನಲ್ಲಿ `>notes:oldsim` ಅಂತ ಹೊಡೆದರೆ ಬರುತ್ತೆ, ಫೋನ್ ಆ್ಯಪ್‌ನಲ್ಲಿ ಇದು ನಡೆಯಲ್ಲ. ನಂಬರ್ ಬದಲಾಯಿಸಿದ ಮೇಲೆ ಆ ಪದ ತೆಗೆಯಿರಿ. ಹುಡುಕಿದರೆ ಒಂದೂ ಬಾರದಿದ್ದಾಗ ಸಿಮ್ ಕೆಲಸ ಮುಗೀತು.

ಕಮಾಂಡ್‌ಲೈನ್ ಕಿಟ್ಟಿ

ಒಂದು ತಿದ್ದುಪಡಿ. ಖಾತೆ ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ತೋರಿಸುವ ಸೈಟ್‌ಗಳಿವೆ, ಮೇಲ್ ಕಳಿಸಿದ್ದೇವೆ ಅಂತ. ಪರದೆ ನಂಬಬೇಡಿ, ಮೇಲ್ ಬಂತಾ ಅಂತ ಪೆಟ್ಟಿಗೆ ನೋಡಿ. ಸ್ಪ್ಯಾಮ್ ಕೂಡ ನೋಡಿ.

ಕೀಲಿಕೈ

ಸರಿಯಾದ ಮಾತು.

ಹೊಸಕೆರೆಹಳ್ಳಿ ಹುಡುಗ

ಎರಡು ಹಂತದ ಕೋಡ್ ಕೂಡ ಬಿಟ್‌ವಾರ್ಡನ್‌ನಲ್ಲೇ ಇಡೋದು ಸರಿಯಾ? ಎಲ್ಲ ಒಂದೇ ಕಡೆ ಇದ್ದರೆ ಸುಲಭ.

ಕಮಾಂಡ್‌ಲೈನ್ ಕಿಟ್ಟಿ

ನಾನು ಒಪ್ಪಲ್ಲ. ಮ್ಯಾನೇಜರ್ ಒಂದು ತೆರೆದುಕೊಂಡರೆ ಎರಡೂ ಹಂತ ಒಟ್ಟಿಗೇ ಹೋಗ್ತವೆ. ಬೇರೆ ಆ್ಯಪ್‌ನಲ್ಲಿ ಇಡಿ.

ಕೀಲಿಕೈ

ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲ್ಲ. ಬೇರು ಮತ್ತು ಹಣದ ಫೋಲ್ಡರ್‌ನವು ಬೇರೆ ಕಡೆ ಇರಲಿ. ದಿನಬಳಕೆಯವು ಮ್ಯಾನೇಜರ್‌ನಲ್ಲೇ ಇದ್ದರೆ ಪರವಾಗಿಲ್ಲ. ಬೇರೆ ಆ್ಯಪ್ ಅಂದರೆ ಕಷ್ಟ ಅಂತ ಎರಡನೇ ಹಂತವನ್ನೇ ಹಾಕಿಕೊಳ್ಳದವರು ತುಂಬಾ ಜನ ಇದ್ದಾರೆ, ಅದಕ್ಕಿಂತ ಇದು ಮೇಲು. ಕಿಟ್ಟಿ ಇದನ್ನು ಒಪ್ಪಲಿಕ್ಕಿಲ್ಲ.

ಕಮಾಂಡ್‌ಲೈನ್ ಕಿಟ್ಟಿ

ಇಲ್ಲ, ಒಪ್ಪಲ್ಲ.

ವಿಜಯನಗರದವಳು

ಶಾಪಿಂಗ್ ಸೈಟ್ 9ಕ್ಕೆ ಹೋಯ್ತು. ವಧೂವರರ ಸೈಟ್ ಕೂಡ. ಅದರಲ್ಲಿ ಪ್ರೊಫೈಲ್ ಮರೆಮಾಡಿ ಅನ್ನೋದು ದೊಡ್ಡದಾಗಿ ಕಾಣುತ್ತೆ, ಅಳಿಸಿ ಅನ್ನೋದು ಸೆಟ್ಟಿಂಗ್ಸ್‌ನ ತೀರಾ ಕೆಳಗಿತ್ತು. ಮರೆಮಾಡಿದರೆ ಫೋಟೋ ಅವರ ಹತ್ರವೇ ಉಳಿಯುತ್ತೆ ಅಂತ ಮೊದಲು ಫೋಟೋ ತೆಗೆದು, ಆಮೇಲೆ ಅಳಿಸಿದೆ.

ಕೋಚಿಂಗ್ ಸೈಟ್‌ನಲ್ಲಿ ಸಿಕ್ಕಿಕೊಂಡಿದ್ದೀನಿ. ಖಾತೆ ಅಳಿಸುವ ಬಟನ್ನೇ ಇಲ್ಲ. ಅಂಕಪಟ್ಟಿ ಪ್ರತಿ, ಅಪ್ಪನ ಫೋನ್ ನಂಬರ್ ಎಲ್ಲ ಅಲ್ಲಿದೆ.

ಕೀಲಿಕೈ

ಅವರ ಪ್ರೈವಸಿ ಪಾಲಿಸಿ ಪುಟದ ಕೊನೆಗೆ ಹೋಗಿ. ಕುಂದುಕೊರತೆ ಅಧಿಕಾರಿಯ ಮೇಲ್ ವಿಳಾಸ ಇರಬೇಕು. ನೋಂದಾಯಿಸಿದ ಮೇಲ್‌ನಿಂದಲೇ ಬರೆಯಿರಿ. ನನ್ನ ಖಾತೆ, ನಾನು ಕೊಟ್ಟ ದಾಖಲೆಗಳು, ಪೋಷಕರ ಫೋನ್ ನಂಬರ್ ಎಲ್ಲ ಅಳಿಸಿ, ಅಳಿಸಿದ್ದನ್ನು ಮೇಲ್‌ನಲ್ಲಿ ಖಚಿತಪಡಿಸಿ, ಅಷ್ಟು ಸಾಕು. ಗುರುತಿಗೆ ಅಂತ ಆಧಾರ್ ಪ್ರತಿ ಕೇಳಿದರೆ ಕೊಡಬೇಡಿ, ನೋಂದಾಯಿತ ಮೇಲ್‌ನಿಂದ ಬರೆದಿದ್ದೇ ಗುರುತು ಅಂತ ಹೇಳಿ. 2021ರ ಐಟಿ ನಿಯಮದ ಪ್ರಕಾರ 24 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, ಗೊತ್ತುಪಡಿಸಿದ ಗಡುವಿನೊಳಗೆ ಇತ್ಯರ್ಥ ಮಾಡಬೇಕು.

ಕಮಾಂಡ್‌ಲೈನ್ ಕಿಟ್ಟಿ

ಆ ಗಡುವು ಇರುವುದು ಇಂಟರ್‌ಮೀಡಿಯರಿಗಳಿಗೆ, ಅಂದರೆ ಬೇರೆಯವರು ಹಾಕಿದ್ದನ್ನು ತೋರಿಸುವ ವೇದಿಕೆಗಳಿಗೆ. ತಾನೇ ಪಾಠ ಮಾರುವ ಕೋಚಿಂಗ್ ಸೈಟ್ ಅದರಲ್ಲಿ ಬರುತ್ತಾ ಅನ್ನುವುದು ಅನುಮಾನ. ಅಳಿಸುವ ಹಕ್ಕು ನೇರವಾಗಿ ಇರುವುದು 2023ರ ದತ್ತಾಂಶ ರಕ್ಷಣೆ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಜಾರಿ ಹಂತ ಹಂತವಾಗಿ ಅಂತ ಇಟ್ಟಿದ್ದಾರೆ. ಪತ್ರದಲ್ಲಿ ಕಾಯ್ದೆಯ ಹೆಸರು ಬರೆಯಿರಿ, ಕೆಲಸ ಆಗಲೂಬಹುದು.

ಕೀಲಿಕೈ

ಕಿಟ್ಟಿ ಹೇಳಿದ್ದು ಇರಬಹುದು, ಎರಡನ್ನೂ ಬರೆಯಿರಿ. ಉತ್ತರ ಬರದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ನೀವೇ ಒಳಗೆ ಹೋಗಿ ತೆಗೆಯಬಹುದಾದ್ದನ್ನು ತೆಗೆಯಿರಿ. ಅಂಕಪಟ್ಟಿ ಅಳಿಸಲು ಬಿಡದಿದ್ದರೆ ಅದೇ ಜಾಗಕ್ಕೆ ಖಾಲಿ ಹಾಳೆಯ ಚಿತ್ರ ಹಾಕಿ. ಅಪ್ಪನ ನಂಬರ್ ಜಾಗ ಖಾಲಿ ಬಿಡಲು ಆಗುತ್ತಾ ನೋಡಿ. ಸುಮ್ನೆ ಒಂದು ಹತ್ತಂಕಿ ಹಾಕಬೇಡಿ, ಅದು ಇನ್ಯಾರದೋ ನಿಜವಾದ ನಂಬರ್ ಆಗಿರಬಹುದು. ಆಮೇಲೆ ಬೇರೆಲ್ಲೂ ಬಳಸದ ಉದ್ದದ ಪಾಸ್‌ವರ್ಡ್ ಹಾಕಿ, ಎಂಟ್ರಿಯನ್ನು 8ರಲ್ಲೇ ಬಿಡಿ, ಪತ್ರ ಬರೆದ ತಾರೀಖು ಟಿಪ್ಪಣಿಯಲ್ಲಿ ಇರಲಿ. ಮುಂದಿನ ವರ್ಷ ಪಟ್ಟಿ ತೆರೆದಾಗ ಮೊದಲು ಅದನ್ನೇ ಕೇಳಬೇಕು.

ವಿಜಯನಗರದವಳು

ಅಂಕಪಟ್ಟಿ ಬದಲಾಯಿಸಲು ಬಿಟ್ಟಿತು. ಅಪ್ಪನ ನಂಬರ್ ಖಾಲಿ ಬಿಡಲು ಬಿಡ್ತಿಲ್ಲ, ಹತ್ತಂಕಿ ಬೇಕೇ ಬೇಕು ಅನ್ನುತ್ತೆ. ಸದ್ಯಕ್ಕೆ ನನ್ನ ಈಗಿನ ನಂಬರನ್ನೇ ಅಲ್ಲಿ ಹಾಕಿದೆ, ಕರೆ ಬಂದರೆ ನನಗೇ ಬರಲಿ. ಪತ್ರ ಇವತ್ತು ಕಳಿಸಿದೆ. ಅವರು ಉತ್ತರ ಕೊಟ್ಟರೆ ಇಲ್ಲೇ ಹಾಕ್ತೀನಿ.